ಬಿಡುವ ಸಂಖ್ಯೆಯನ್ನು ಮೊದಲೇ ಬರೆದಿಡಿ

2024ರ ಜುಲೈ 3ರಂದು ‘ಕೂ’ ಮುಚ್ಚಿತು. ಹಳದಿ ಹಕ್ಕಿಯ ಗುರುತಿನ ಆ ಆ್ಯಪ್ ಹುಟ್ಟಿದ್ದು ಬೆಂಗಳೂರಿನಲ್ಲಿ, 2020ರ ಮಾರ್ಚ್‌ನಲ್ಲಿ. ಅದು ಮೊದಲು ಮಾತಾಡಿದ್ದು ಕನ್ನಡದಲ್ಲಿ. ಇಂಗ್ಲಿಷಿಗೂ ಹಿಂದಿಗೂ ಮುಂಚೆ ಕನ್ನಡಕ್ಕೆ ಜಾಗ ಕೊಟ್ಟ ಜಾಲತಾಣ ಎಂಬ ಅಭಿಮಾನದಿಂದ ನಮ್ಮಲ್ಲಿ ಬಹಳ ಮಂದಿ ಅಲ್ಲಿ ಖಾತೆ ತೆರೆದರು. ಕವಿತೆ ಹಾಕಿದರು, ಊರಿನ ಸುದ್ದಿ ಹಾಕಿದರು, ಅಂಗಡಿಯ ಸರಕಿನ ಚಿತ್ರ ಹಾಕಿದರು. ನಾಲ್ಕು ವರ್ಷ ಹಾಕಿದ ಶ್ರಮ ಅವತ್ತಿಗೆ ಮುಗಿಯಿತು.

ಆ ಸುದ್ದಿ ಓದಿದಾಗ ನನಗೆ ಬಂದ ಪ್ರಶ್ನೆ ಕಂಪನಿಯದ್ದಾಗಿರಲಿಲ್ಲ, ಬಳಸುತ್ತಿದ್ದವರದ್ದಾಗಿತ್ತು. ಸುರಪುರ ತಾಲ್ಲೂಕಿನ ದೇವಾಪುರದಂಥ ಊರಲ್ಲಿ ಕೂತು, ಹೊಲಮನೆ ಕೆಲಸದ ನಡುವೆ ದಿನಕ್ಕೆ ಒಂದು ತಾಸು ಫೋನಿಗೆ ಕೊಡುವವರು ಯಾವಾಗ ಒಂದು ವೇದಿಕೆಯಲ್ಲಿ ಗಟ್ಟಿಯಾಗಿ ನಿಲ್ಲಬೇಕು, ಯಾವಾಗ ವರಸೆ ಬದಲಿಸಬೇಕು, ಯಾವಾಗ ಎದ್ದು ಬರಬೇಕು? ಮನಸ್ಸಿಗೆ ಬೇಜಾರಾದಾಗ ಬಿಡುವುದು, ಯಾರೋ ಹೊಗಳಿದಾಗ ಮತ್ತೆ ಹಿಡಿಯುವುದು, ಇದನ್ನೇ ನಾವು ನಿರ್ಧಾರ ಎಂದುಕೊಂಡಿದ್ದೇವೆ. ಮೂರು ತಿಂಗಳಿಗೊಮ್ಮೆ ನೋಟ್‌ಬುಕ್ ತೆರೆದು ಕೂತರೆ ಇದಕ್ಕಿಂತ ಚೆನ್ನಾಗಿ ನಿರ್ಧರಿಸಬಹುದು.

ಕೂ ಬೆಳೆದ ರೀತಿಯನ್ನೇ ಮೊದಲು ನೋಡೋಣ. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವಟ್ಕಾ ಅದರ ಸ್ಥಾಪಕರು. ಇದಕ್ಕೂ ಮುಂಚೆ ಅವರು ನಡೆಸುತ್ತಿದ್ದುದು ‘ವೋಕಲ್’ ಎಂಬ, ದೇಶಭಾಷೆಗಳಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆಯುವ ಆ್ಯಪ್. ಅಲ್ಲಿಂದ ಕೂ ಕಡೆಗೆ ಹೊರಳಿದ್ದೇ ಒಂದು ವರಸೆ ಬದಲಾವಣೆ. 2020ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನ ಬಂತು. 2021ರ ಫೆಬ್ರುವರಿಯಲ್ಲಿ ಸರ್ಕಾರಕ್ಕೂ ಟ್ವಿಟರ್‌ಗೂ ಜಗಳ ಹತ್ತಿ, ಮಂತ್ರಿಗಳು ಇಲಾಖೆಗಳು ಕೂಗೆ ಬಂದಾಗ ಜನ ಗುಂಪುಗುಂಪಾಗಿ ಸೇರಿದರು. ಅದೇ ವರ್ಷ ಜೂನ್‌ನಲ್ಲಿ ನೈಜೀರಿಯಾ ಟ್ವಿಟರನ್ನು ತಡೆದಾಗ ಅಲ್ಲಿಗೂ ಕೂ ಹೋಯಿತು. ಟ್ವಿಟರ್ ಎಲಾನ್ ಮಸ್ಕ್ ಕೈಗೆ ಹೋದ ಗಲಾಟೆಯ ನಡುವೆ, 2022ರ ನವೆಂಬರ್‌ನಲ್ಲಿ, ಬ್ರೆಜಿಲ್ ಜನ ಬಂದರು. ಪೋರ್ಚುಗೀಸ್ ಕಿವಿಗೆ ಆ ಹೆಸರು ಪೋಲಿಯಾಗಿ ಕೇಳುತ್ತದೆಂಬ ತಮಾಷೆಯೂ ಆ ನೂಕುನುಗ್ಗಲಿಗೆ ಕಾರಣ.

ಈ ಮೂರೂ ಸಲ ಜನ ಬಂದದ್ದು ಬೇರೆಲ್ಲೋ ನಡೆದ ಜಗಳದ ಕಾರಣಕ್ಕೆ. ಜಗಳ ತಣ್ಣಗಾದ ಮೇಲೆ ಅವರನ್ನು ಅಲ್ಲೇ ಹಿಡಿದಿಡುವ ಕಾರಣ ಏನಿತ್ತು ಎಂಬುದೇ ಕೇಳಬೇಕಾದ ಪ್ರಶ್ನೆ. ಮುಚ್ಚುವಾಗ ಸ್ಥಾಪಕರೇ ಹೇಳಿದ ಲೆಕ್ಕದಂತೆ, ಅತಿ ಏರಿದ ಕಾಲದಲ್ಲಿ ತಿಂಗಳಿಗೊಮ್ಮೆಯಾದರೂ ಬರುತ್ತಿದ್ದವರು ಸುಮಾರು 1 ಕೋಟಿ, ದಿನವೂ ಬರುತ್ತಿದ್ದವರು ಸುಮಾರು 21 ಲಕ್ಷ. ಐವರಲ್ಲಿ ನಾಲ್ವರು ಯಾವುದೇ ಒಂದು ದಿನ ಅಲ್ಲಿ ಇರುತ್ತಿರಲಿಲ್ಲ. 2023ರ ಏಪ್ರಿಲ್ ಹೊತ್ತಿಗೆ ಸುಮಾರು 260 ನೌಕರರಲ್ಲಿ ನೂರಕ್ಕೆ 30ರಷ್ಟು ಮಂದಿಯನ್ನು ಕಳಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಮುಚ್ಚಿದ್ದು ಅದಾಗಿ ಹದಿನೈದು ತಿಂಗಳಿಗೆ. ದೊಡ್ಡ ಕಂಪನಿಗಳ ಜತೆಗಿನ ಮಾತುಕತೆ ಫಲಿಸಲಿಲ್ಲ, ತಂತ್ರಜ್ಞಾನದ ಖರ್ಚು ಹೊರಲಾಗಲಿಲ್ಲ ಎಂದು ಸ್ಥಾಪಕರು ಬಿಚ್ಚಿಯೇ ಹೇಳಿದರು. ಹದಿನೈದು ತಿಂಗಳೆಂದರೆ ಐದು ತ್ರೈಮಾಸಿಕ. ಮೂರು ತಿಂಗಳಿಗೊಮ್ಮೆ ಲೆಕ್ಕ ನೋಡುವ ರೂಢಿ ಇದ್ದವರಿಗೆ ಎದ್ದು ಬರಲು ಐದು ಅವಕಾಶಗಳಿದ್ದವು.

ಇದನ್ನು ನಮ್ಮ ಅಂಗಳಕ್ಕೆ ತಂದು ನೋಡೋಣ. ಪಕ್ಕದ ಕಲಬುರಗಿ ಜಿಲ್ಲೆಯಲ್ಲಿ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಜೋಳದ ರೊಟ್ಟಿಯನ್ನು ‘ಕಲಬುರಗಿ ರೊಟ್ಟಿ’ ಎಂಬ ಹೆಸರಲ್ಲಿ ಆನ್‌ಲೈನ್‌ನಲ್ಲೂ ಮಾರುತ್ತಿರುವುದು ಎಲ್ಲರಿಗೂ ಗೊತ್ತು. 2025ರ ಜೂನ್‌ನ ‘ಮನ್ ಕೀ ಬಾತ್’ನಲ್ಲೂ ಅದರ ಪ್ರಸ್ತಾಪ ಬಂತು. ದೇವಾಪುರದಲ್ಲೂ ಅಂಥದೇ ಹತ್ತು ಮಂದಿಯ ಸಂಘವೊಂದಿದೆ ಎಂದು ಇಟ್ಟುಕೊಳ್ಳಿ. ಇದು ಲೆಕ್ಕ ತೋರಿಸಲು ನಾನು ಕಟ್ಟಿಕೊಂಡ ಉದಾಹರಣೆ, ಅಂಕಿಗಳೂ ನನ್ನವೇ. ಕಟಿರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ, ಇವು ಅವರ ಸರಕು. ಗಿರಾಕಿಗಳಲ್ಲಿ ಅರ್ಧ ಮಂದಿ ದುಡಿಯಲು ಬೆಂಗಳೂರು, ಪುಣೆ ಸೇರಿದ ನಮ್ಮವರೇ. ಮಾರುವ ಜಾಗ ನಾಲ್ಕು: ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಶಾರ್ಟ್ಸ್, ಮತ್ತೊಂದು ದೊಡ್ಡ ಆನ್‌ಲೈನ್ ಮಾರುಕಟ್ಟೆ. ಜನವರಿಯಿಂದ ಮಾರ್ಚ್‌ವರೆಗಿನ ಲೆಕ್ಕ ನೋಡಲು ಏಪ್ರಿಲ್ ಮೊದಲ ವಾರ ಎಲ್ಲರೂ ಕೂತಿದ್ದಾರೆ.

ಫೋನ್ ನೋಡಿಕೊಳ್ಳುವ ಹುಡುಗಿ ಖುಷಿಯಿಂದ ಹೇಳುತ್ತಾಳೆ: “ಯೂಟ್ಯೂಬ್ನ್ಯಾಗ ಲಕ್ಷ ಮಂದಿ ನೋಡ್ಯಾರ, ದೊಡ್ಡವ್ವ.”

ದೊಡ್ಡವ್ವ ಕೇಳುತ್ತಾಳೆ: “ನೋಡಿದ್ದು ಖರೇ. ರೊಟ್ಟಿ ಎಷ್ಟು ಮಂದಿ ಒಯ್ದರು?”

ಇಡೀ ಸಭೆ ಈ ಪ್ರಶ್ನೆಯ ಮೇಲೆ ನಿಂತಿದೆ. ನೋಡಿದವರ ಲೆಕ್ಕ, ಹಿಂಬಾಲಕರ ಲೆಕ್ಕ, ಲೈಕಿನ ಲೆಕ್ಕ ವೇದಿಕೆ ತಾನಾಗಿ ಕೊಡುತ್ತದೆ, ಏಕೆಂದರೆ ಅದನ್ನು ಎಣಿಸುವುದು ಅದಕ್ಕೆ ಸುಲಭ. ಸಂಘಕ್ಕೆ ಬೇಕಾದ ಲೆಕ್ಕವನ್ನು ಸಂಘವೇ ಬರೆಯಬೇಕು. ಅದಕ್ಕೆ ಪ್ರತಿ ಜಾಗಕ್ಕೂ ಮೂರು ಅಂಕಣ ಸಾಕು: ಎಷ್ಟು ತಾಸು ಹಾಕಿದೆವು, ಎಷ್ಟು ಆರ್ಡರ್ ಬಂತು, ಹಿಟ್ಟು, ಶೇಂಗಾ, ಡಬ್ಬಿ, ಕೊರಿಯರ್, ಕಮಿಷನ್ ಎಲ್ಲ ಕಳೆದ ಮೇಲೆ ಕೈಯಲ್ಲಿ ಏನು ಉಳಿಯಿತು. ಉಳಿದ ದುಡ್ಡನ್ನು ತಾಸಿನಿಂದ ಭಾಗಿಸಿ. ಅದೇ ತಾಸನ್ನು ರೊಟ್ಟಿ ಬಡಿಯುವುದಕ್ಕೆ ಕೊಟ್ಟಿದ್ದರೆ 60 ರೂಪಾಯಿ ದುಡಿಮೆ ಆಗುತ್ತಿತ್ತು ಎಂದು ಸಂಘ ಲೆಕ್ಕ ಹಾಕಿಕೊಂಡಿದೆ. ಅಂದರೆ 60 ಅವರ ಗೆರೆ.

ವಾಟ್ಸ್‌ಆ್ಯಪ್‌ಗೆ 40 ತಾಸು ಹೋಯಿತು, 120 ಆರ್ಡರ್ ಬಂತು, ಒಂದಕ್ಕೆ 90 ರೂಪಾಯಿ ಉಳಿಯಿತು. ತಾಸಿಗೆ 270 ರೂಪಾಯಿ. ಇನ್‌ಸ್ಟಾಗ್ರಾಂಗೆ ಚಿತ್ರೀಕರಣ, ಕತ್ತರಿ ಕೆಲಸ, ಉತ್ತರ ಬರೆಯುವುದು ಎಲ್ಲ ಸೇರಿ 90 ತಾಸು ಹಿಡಿದಿದೆ, ಬಂದದ್ದು 24 ಆರ್ಡರ್, ಎಲ್ಲವೂ ಹೊಸ ಗಿರಾಕಿಗಳದ್ದು. ಒಂದಕ್ಕೆ ಅದೇ 90 ಉಳಿದರೂ ತಾಸಿಗೆ ಬರೀ 24 ರೂಪಾಯಿ. ಅಷ್ಟಕ್ಕೇ ನಿಂತು ತೀರ್ಪು ಕೊಟ್ಟರೆ ಇನ್‌ಸ್ಟಾಗ್ರಾಂ ಬಿಡಬೇಕು. ಬಹಳ ಸಂಘಗಳು, ಅಂಗಡಿಗಳು ಇಲ್ಲೇ ಎಡವುತ್ತವೆ.

ಎಡವದಂತೆ ಕಾಪಾಡಿದ್ದು ಅವರು ಜನವರಿಯಲ್ಲಿ ಶುರು ಮಾಡಿದ ಸಣ್ಣ ರೂಢಿ. ಹೊಸ ಗಿರಾಕಿ ಯಾರೇ ಬರಲಿ, “ನಮ್ಮ ಬಗ್ಗೆ ಮೊದಲು ಎಲ್ಲಿ ನೋಡಿದ್ರಿ?” ಎಂದು ಕೇಳಿ, ಹೆಸರಿನ ಮುಂದೆ ಒಂದು ಅಕ್ಷರ ಬರೆದುಕೊಳ್ಳುತ್ತಿದ್ದರು. ಆ ಅಕ್ಷರಗಳನ್ನು ಎಣಿಸಿದಾಗ ವಾಟ್ಸ್‌ಆ್ಯಪ್‌ನ 120 ಆರ್ಡರ್‌ಗಳಲ್ಲಿ 45 ಬಂದದ್ದು ಮೊದಲ ಸಲ ಇನ್‌ಸ್ಟಾಗ್ರಾಂನಲ್ಲಿ ನೋಡಿದವರಿಂದ ಎಂದು ತಿಳಿಯಿತು. ಒಮ್ಮೆ ರುಚಿ ನೋಡಿದ ಮೇಲೆ ಅವರು ನೇರವಾಗಿ ನಂಬರ್‌ಗೆ ಬರೆಯತೊಡಗಿದ್ದರು. ಈ 45 ಆರ್ಡರ್‌ಗಳನ್ನೂ ಅವಕ್ಕೆ ಹಿಡಿದ 15 ತಾಸನ್ನೂ ಇನ್‌ಸ್ಟಾಗ್ರಾಂ ಕಡೆಗೆ ಹಾಕಿದರೆ ಅಲ್ಲಿ 69 ಆರ್ಡರ್, 105 ತಾಸು, 6,210 ರೂಪಾಯಿ. ತಾಸಿಗೆ 59. ಗೆರೆಯ ಅಂಚಿಗೇ ಬಂದು ಕೂತಿದೆ. ಬಿಡುವ ಸಂಗತಿಯಂತೆ ಕಂಡದ್ದು ಈಗ ಸುಧಾರಿಸುವ ಸಂಗತಿಯಾಗಿದೆ.

ಗಿರಾಕಿ ನಡೆದು ಬರುವ ದಾರಿಯನ್ನು ನಾನು ನಾಲ್ಕು ಹೊಸ್ತಿಲಾಗಿ ನೋಡುತ್ತೇನೆ. ನೋಡುವುದು, ವಿಚಾರಿಸುವುದು, ಕೊಳ್ಳುವುದು, ಮತ್ತೆ ಕೊಳ್ಳುವುದು. ಯಾವ ಹೊಸ್ತಿಲಲ್ಲಿ ಜನ ನಿಂತುಬಿಡುತ್ತಾರೆ ಎಂಬುದು ಗೊತ್ತಾದರೆ ಔಷಧಿಯೂ ಗೊತ್ತಾಗುತ್ತದೆ. ಲಕ್ಷ ಮಂದಿ ನೋಡಿ ಯಾರೂ ವಿಚಾರಿಸದಿದ್ದರೆ ತಪ್ಪು ಮಂದಿಗೆ ತೋರಿಸುತ್ತಿದ್ದೇವೆ. ಬಹಳ ಮಂದಿ ವಿಚಾರಿಸಿ ಕೊಳ್ಳದಿದ್ದರೆ ಬೆಲೆಯೋ ಕೊರಿಯರ್ ಖರ್ಚೋ ಅಡ್ಡ ಬಂದಿದೆ. ಕೊಂಡವರು ಮರಳಿ ಬರದಿದ್ದರೆ ದೋಷ ಸರಕಿನಲ್ಲಿದೆ, ಅದಕ್ಕೆ ವೇದಿಕೆ ಬದಲಿಸಿ ಪ್ರಯೋಜನವಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಕೊನೆಯ ಹೊಸ್ತಿಲು ಗಟ್ಟಿಯಾಗಿದೆ, ಬಂದವರು ಮತ್ತೆ ಬರುತ್ತಿದ್ದಾರೆ. ಸೋರುತ್ತಿರುವುದು ಸಂಘದ ತಾಸು. ಮೂರು ತಿಂಗಳಲ್ಲಿ ಹಾಕಿದ 30 ರೀಲ್‌ಗಳನ್ನು ಒಂದೊಂದಾಗಿ ನೋಡಿದಾಗ ವಿಚಾರಣೆ ತಂದವು 6 ಮಾತ್ರ, ಆರೂ ಕೈಯಲ್ಲಿ ರೊಟ್ಟಿ ಬಡಿಯುವ, ಕಟ್ಟಿಗೆ ಒಲೆಯ ಮುಂದೆ ತೆಗೆದವು. ಹಾಡು ಹಾಕಿ, ಅಕ್ಷರ ಕುಣಿಸಿ ತಾಸುಗಟ್ಟಲೆ ಕೂತು ಮಾಡಿದ ಮಿಕ್ಕ 24ರಿಂದ ಏನೂ ಬಂದಿಲ್ಲ. ನಿರ್ಧಾರ: ವಾರಕ್ಕೆ ಒಂದೇ ರೀಲ್, ಒಲೆಯ ಮುಂದೆ, ಕತ್ತರಿ ಕೆಲಸವಿಲ್ಲದೆ. ಮುಂದಿನ ಮೂರು ತಿಂಗಳಿಗೆ 40 ತಾಸಿನ ಮಿತಿ.

ಆನ್‌ಲೈನ್ ಮಾರುಕಟ್ಟೆಯ ಕತೆ ಬೇರೆ. 30 ತಾಸು, 50 ಆರ್ಡರ್, ಎಲ್ಲ ಕಳೆದು ಉಳಿದದ್ದು 1,000 ರೂಪಾಯಿ. ತಾಸಿಗೆ 33. ಇಲ್ಲಿ ಮೊತ್ತ ನೋಡಿ ಬಿಟ್ಟುಬಿಡುವ ಮುಂಚೆ ಸರಕಿನ ಪ್ರಕಾರ ಬಿಡಿಸಬೇಕು. ಬಿಡಿಸಿದರೆ 30 ಆರ್ಡರ್ ರೊಟ್ಟಿಯದು, 20 ಹಿಂಡಿ ಮತ್ತು ಖಾರದ್ದು. ವಾಪಸ್ ಬಂದ ಎಂಟು ಪೊಟ್ಟಣಗಳೂ ರೊಟ್ಟಿಯವೇ. ಕಟಿರೊಟ್ಟಿ ಗೋದಾಮಿನಿಂದ ಗೋದಾಮಿಗೆ ಬೀಳುತ್ತ ಹೋದರೆ ನುಚ್ಚಾಗುತ್ತದೆ, ವಾಪಸ್ಸಿನ ಖರ್ಚು ಮಾರುವವರ ತಲೆ ಮೇಲೆ. ರೊಟ್ಟಿಯಲ್ಲಿ ಆರ್ಡರ್‌ಗೆ ಸರಾಸರಿ 20 ರೂಪಾಯಿ ನಷ್ಟ, ಒಟ್ಟು 600. ಹಿಂಡಿ, ಖಾರದಲ್ಲಿ ಆರ್ಡರ್‌ಗೆ 80 ಲಾಭ, ಒಟ್ಟು 1,600. ಒಂದು ಸರಕು ದುಡಿದದ್ದನ್ನು ಇನ್ನೊಂದು ತಿಂದಿತ್ತು. ರೊಟ್ಟಿಯನ್ನು ಅಲ್ಲಿಂದ ತೆಗೆದು ಡಬ್ಬಿಯ ಸರಕನ್ನಷ್ಟೇ ಉಳಿಸಿದರೆ 12 ತಾಸಿನಲ್ಲಿ ಕೆಲಸ ಮುಗಿಯುತ್ತದೆ, ತಾಸಿಗೆ 133 ರೂಪಾಯಿ ಬರುತ್ತದೆ. ವರಸೆ ಬದಲಿಸುವುದೆಂದರೆ ಹೀಗೆ ಒಂದೇ ಒಂದನ್ನು ಬದಲಿಸುವುದು. ಸರಕು, ಬೆಲೆ, ಚಿತ್ರ ಮೂರನ್ನೂ ಒಟ್ಟಿಗೆ ಬದಲಿಸಿದರೆ ಜೂನ್ ಕೊನೆಗೆ ಫಲ ಬಂದರೂ ಯಾವುದರಿಂದ ಬಂತೆಂದು ಹೇಳಲಾಗದು.

ಉಳಿದದ್ದು ಲಕ್ಷ ಮಂದಿ ನೋಡಿದ ಯೂಟ್ಯೂಬ್ ಶಾರ್ಟ್ಸ್. 36 ತಾಸು ಹೋಗಿದೆ. ಅಲ್ಲಿ ನೋಡಿ ಬಂದ ಹೊಸ ಗಿರಾಕಿಗಳು ಮೂವರು. ಹುಡುಗಿಗೆ ಬಿಡಲು ಮನಸ್ಸಿಲ್ಲ. ಇನ್ನೊಂದು ಸ್ವಲ್ಪ ದಿನ ನೋಡೋಣ, ಈಗಷ್ಟೇ ಏರುತ್ತಿದೆ ಎನ್ನುತ್ತಾಳೆ. ಅವಳ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಶ್ರಮ ಹಾಕಿದವರಿಗೆ ತಾವು ಹಾಕಿದ್ದು ಕಾಣುತ್ತದೆ, ಮುಂದೆ ಹೋಗುವುದು ಕಾಣುವುದಿಲ್ಲ. ಆ ಹೊತ್ತಿನಲ್ಲಿ ಚರ್ಚೆಗೆ ಕೂತರೆ ಗಟ್ಟಿ ದನಿಯವರು ಗೆಲ್ಲುತ್ತಾರೆ. ಅದಕ್ಕೇ ಈ ಸಂಘ ಜನವರಿ 1ಕ್ಕೆ, ಇನ್ನೂ ಒಂದು ವಿಡಿಯೊ ಕೂಡ ಹಾಕದ ಹೊತ್ತಿನಲ್ಲಿ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದು ಸಾಲು ಬರೆದು ಎಲ್ಲರ ಸಹಿ ಹಾಕಿಸಿತ್ತು: ‘ಮಾರ್ಚ್ 31ಕ್ಕೆ ಯೂಟ್ಯೂಬ್‌ನಿಂದ ಕನಿಷ್ಠ 10 ಹೊಸ ಗಿರಾಕಿ ಬರಬೇಕು.’ ಈ ಲೇಖನದಲ್ಲಿ ಒಂದೇ ಸಂಗತಿ ನೆನಪಿಡುವುದಾದರೆ ಈ ಸಾಲನ್ನು ನೆನಪಿಡಿ. ಬಿಡುವ ಸಂಖ್ಯೆಯನ್ನು ಪ್ರೀತಿ ಹುಟ್ಟುವ ಮೊದಲೇ ಬರೆಯಬೇಕು.

ಆದರೆ 10 ಎಂದು ಬರೆದ ಮಾತ್ರಕ್ಕೆ 9 ಬಂದರೆ ಕತ್ತರಿಸಬೇಕೇ? ಬೇಡ. ಸಣ್ಣ ಸಂಖ್ಯೆಗಳು ಅದೃಷ್ಟದಿಂದಲೇ ಅತ್ತಿತ್ತ ಓಲಾಡುತ್ತವೆ. ಸರಾಸರಿ 10 ಗಿರಾಕಿ ಕೊಡುವ ತಾಕತ್ತುಳ್ಳ ಜಾಗದಲ್ಲಿಯೂ ಯಾವುದೋ ಒಂದು ತ್ರೈಮಾಸಿಕದಲ್ಲಿ 7 ಅಥವಾ ಕಡಿಮೆ ಬರುವ ಸಾಧ್ಯತೆ ನೂರಕ್ಕೆ 22ರಷ್ಟಿದೆ, ಅಂದರೆ ಐದರಲ್ಲಿ ಒಂದು ಸಲ ಹಾಗಾಗುತ್ತದೆ. ಅದು ಬಿಡುವುದಕ್ಕೆ ಸಾಲದ ಸಾಕ್ಷಿ. ಅದೇ 3 ಅಥವಾ ಕಡಿಮೆ ಬರುವ ಸಾಧ್ಯತೆ ನೂರಕ್ಕೆ 1 ಮಾತ್ರ. ಹಾಗಾಗಿ 7 ಬಂದಿದ್ದರೆ ಇನ್ನೊಂದು ಮೂರು ತಿಂಗಳು ಕೊಟ್ಟು ಎರಡನ್ನೂ ಕೂಡಿಸಿ ನೋಡಬೇಕಿತ್ತು. ಬಂದದ್ದು 3. ಬಿಡಬೇಕು. ಗಿರಾಕಿಗಳು ಕೈಬೆರಳೆಣಿಕೆಯಷ್ಟಿರುವ ಜಾಗದಲ್ಲಿ ತಿಂಗಳಿಗೊಮ್ಮೆ ತೀರ್ಪು ಕೊಡಬಾರದು ಎಂಬುದಕ್ಕೂ ಇದೇ ಕಾರಣ; ಎಣಿಸುವಷ್ಟಾದರೂ ಕೂಡಿಬರಲು ಮೂರು ತಿಂಗಳು ಬೇಕು.

ಋತುವಿನ ಮಾತೂ ಇಲ್ಲಿ ಬರುತ್ತದೆ. ನಮ್ಮ ಕಡೆ ಎಳ್ಳ ಅಮಾವಾಸ್ಯೆ ಹತ್ತಿರ ಬಂದರೆ ಸಜ್ಜಿ ರೊಟ್ಟಿ, ಹಿಂಡಿ ಕೇಳುವವರು ತಾವಾಗಿ ಹೆಚ್ಚುತ್ತಾರೆ. ಊರಿಗೆ ಬರಲಾಗದೆ ಬೆಂಗಳೂರಿನ ಕಟ್ಟಡದ ಕೆಲಸದಲ್ಲಿ ಉಳಿದವರಿಗೆ ಆ ದಿನ ಊರಿನ ರೊಟ್ಟಿಯೇ ಬೇಕು. ಮಿರಗದ ಮಳೆ ಬಿದ್ದ ಮೇಲೆ ಸಂಘದ ಹೆಣ್ಣುಮಕ್ಕಳೇ ಹೊಲಕ್ಕೆ ಹೋಗುತ್ತಾರೆ, ಫೋನಿಗೆ ತಾಸು ಸಿಗುವುದಿಲ್ಲ. ಆದ್ದರಿಂದ ಜೂನ್‌ನ ಲೆಕ್ಕವನ್ನು ಮಾರ್ಚ್‌ನ ಲೆಕ್ಕದ ಪಕ್ಕ ಇಟ್ಟು ‘ಕುಸಿಯಿತು’ ಎನ್ನಬಾರದು. ಕಳೆದ ವರ್ಷದ ಜೂನ್ ಪಕ್ಕ ಇಡಬೇಕು. ಮೊದಲ ವರ್ಷ ಆ ಹೋಲಿಕೆಯೇ ಸಿಗದ ಕಾರಣ, ತಾಸಿಗೆ ಎಷ್ಟು ಎಂಬ ಒಂದೇ ಅಳತೆಯ ಮೇಲೆ ನಿಲ್ಲುವುದು ಕ್ಷೇಮ.

ಬಿಡುವಾಗಲೂ ಒಂದು ಕ್ರಮವಿದೆ. ಖಾತೆಯನ್ನು ಅಳಿಸಬೇಡಿ, ಅಳಿಸಿದರೆ ಅದೇ ಹೆಸರನ್ನು ಬೇರೆಯವರು ಹಿಡಿದು ನಿಮ್ಮ ಗಿರಾಕಿಗಳನ್ನು ಮೋಸಗೊಳಿಸಬಹುದು. ವಿಡಿಯೊಗಳನ್ನು ಇಳಿಸಿಟ್ಟುಕೊಂಡು, ಮೇಲ್ಗಡೆ ಎಲ್ಲರಿಗೂ ಕಾಣುವಂತೆ ವಾಟ್ಸ್‌ಆ್ಯಪ್ ನಂಬರ್ ಬರೆದು, ಹೊಸದನ್ನು ಹಾಕುವುದನ್ನು ಅಷ್ಟೇ ನಿಲ್ಲಿಸಿ. ಆ 36 ತಾಸು ಎಲ್ಲಿಗೆ ಹೋಗುತ್ತದೆಂದು ಅಂದೇ ಬರೆಯಿರಿ. ಬರೆಯದಿದ್ದರೆ ಆ ತಾಸು ಮತ್ತೆ ಫೋನಿನಲ್ಲೇ ಕರಗಿಹೋಗುತ್ತದೆ.

ಇಷ್ಟಾದ ಮೇಲೂ ನೋಟ್‌ಬುಕ್ಕಿನಲ್ಲಿ ಒಂದು ಅಂಕಣ ಸೇರಿಸಬೇಕಿದೆ. ಅದು ಲಾಭದ್ದಲ್ಲ, ಅಪಾಯದ್ದು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ನಿಷೇಧದ ತಪ್ಪುಒಪ್ಪು ಇಲ್ಲಿಯ ಪ್ರಶ್ನೆಯಲ್ಲ. ಎಷ್ಟೇ ಚೆನ್ನಾಗಿ ತ್ರೈಮಾಸಿಕ ಲೆಕ್ಕ ಇಟ್ಟಿದ್ದವರಿಗೂ ಅಂದು ಮುನ್ಸೂಚನೆ ಇರಲಿಲ್ಲ. ಅಂಕಿಗಳಲ್ಲಿ ಕಾಣದ ಕಾರಣಕ್ಕೆ ವೇದಿಕೆ ಹೋಯಿತು. ಕೂ ನಿಧಾನವಾಗಿ ಸೊರಗಿತು, ಟಿಕ್‌ಟಾಕ್ ಏರುತ್ತಿರುವಾಗಲೇ ನಿಂತಿತು. ಮೊದಲನೆಯದನ್ನು ಸಾಕ್ಷಿ ಹಿಡಿಯುತ್ತದೆ, ಎರಡನೆಯದಕ್ಕೆ ಬೇಕಾದದ್ದು ಸಿದ್ಧತೆ. ಆ ಸಿದ್ಧತೆಯ ಅಳತೆ ಸರಳವಾಗಿದೆ: ನಾಳೆ ಈ ವೇದಿಕೆ ಇಲ್ಲವಾದರೆ ನಮ್ಮ ಗಿರಾಕಿಗಳಲ್ಲಿ ಎಷ್ಟು ಮಂದಿಯನ್ನು ನಾವು ಬೇರೆ ದಾರಿಯಿಂದ ಮುಟ್ಟಬಲ್ಲೆವು?

ನಮ್ಮ ಉದಾಹರಣೆಯ ಸಂಘಕ್ಕೆ ಇನ್‌ಸ್ಟಾಗ್ರಾಂನಿಂದ ಬಂದವರ ನಂಬರ್‌ಗಳೆಲ್ಲ ಗೊತ್ತು, ಏಕೆಂದರೆ ಅವರು ವಾಟ್ಸ್‌ಆ್ಯಪ್‌ಗೆ ಬಂದಿದ್ದಾರೆ. ಆನ್‌ಲೈನ್ ಮಾರುಕಟ್ಟೆಯಲ್ಲಿ ಆ 50 ಆರ್ಡರ್ ಕೊಟ್ಟವರಲ್ಲಿ ಒಬ್ಬರ ನಂಬರ್ ಕೂಡ ಗೊತ್ತಿಲ್ಲ, ಅಂಥ ತಾಣಗಳು ಗಿರಾಕಿಯನ್ನು ತಮ್ಮ ಬಳಿಯೇ ಇಟ್ಟುಕೊಳ್ಳುತ್ತವೆ. ಲಾಭ ತಾಸಿಗೆ 133ಕ್ಕೆ ಏರಿದರೂ ಆ ಜಾಗದ ಮೇಲೆ ಸಂಘದ ಅರ್ಧ ವ್ಯಾಪಾರ ನಿಲ್ಲಬಾರದು. ವಾಟ್ಸ್‌ಆ್ಯಪ್ ಕೂಡ ಪರರದ್ದೇ. ಗಿರಾಕಿಗಳ ಪಟ್ಟಿಯನ್ನು ಫೋನಿನಲ್ಲಿ ಮಾತ್ರ ಇಡದೆ, ಹೆಸರು, ಊರು, ನಂಬರ್, ಕೊನೆಯ ಆರ್ಡರ್ ತಾರೀಖು, ಇಷ್ಟನ್ನು ಕಾಗದದ ಮೇಲೆ ಇಳಿಸಿಡಬೇಕು. ಅದು ಗಿರಾಕಿಗಳ ಮನೆಯ ವಿವರ, ಅದನ್ನು ಬೇರೆ ಯಾರಿಗೂ ಕೊಡಬಾರದು ಎಂಬುದನ್ನೂ ಅದೇ ಪುಟದ ಮೇಲೆ ಬರೆದಿರಿ.

ಕೂ ಮುಚ್ಚಿದ ದಿನ ಅಲ್ಲಿ ಕನ್ನಡ ಬರೆಯುತ್ತಿದ್ದವರ ಕೈಯಲ್ಲಿ ಏನು ಉಳಿದಿತ್ತು ಎಂದು ನಾನು ಹಲವು ಸಲ ಯೋಚಿಸಿದ್ದೇನೆ. ತಮ್ಮ ಓದುಗರ ಪಟ್ಟಿಯನ್ನು ಹೊರಗೆ ಎಲ್ಲಾದರೂ ಬರೆದಿಟ್ಟುಕೊಂಡವರು ಮರುದಿನ ಇನ್ನೊಂದು ಕಡೆ ಮಾತು ಮುಂದುವರಿಸಬಹುದಿತ್ತು. ಹಿಂಬಾಲಕರ ಸಂಖ್ಯೆಯನ್ನಷ್ಟೇ ನೋಡಿಕೊಂಡು ಬಂದವರು ಸೊನ್ನೆಯಿಂದ ಶುರು ಮಾಡಬೇಕಾಯಿತು. ಒಂದು ಭಾಷೆಗೆ ಮೊದಲ ಜಾಗ ಕೊಟ್ಟ ವೇದಿಕೆಯ ಬಗ್ಗೆ ಕೃತಜ್ಞತೆ ಇರಲಿ. ಅಲ್ಲಿ ಉಳಿಯುವ ನಿರ್ಧಾರಕ್ಕೆ ಆ ಕೃತಜ್ಞತೆ ಸಾಕ್ಷಿಯಾಗದು.

ಮುಂದಿನ ತ್ರೈಮಾಸಿಕ ಶುರುವಾಗುವ ಹಿಂದಿನ ರಾತ್ರಿ, ಸುರಪುರ, ಶಹಾಪುರ, ಯಾದಗಿರಿ ಎಲ್ಲೇ ಇರಿ, ಮಾರುವುದು ರೊಟ್ಟಿಯಿರಲಿ, ಹೇಳುವುದು ಸುದ್ದಿಯಿರಲಿ, ಒಂದು ಹಾಳೆ ತೆಗೆದು ನೀವು ಬಳಸುವ ಪ್ರತಿ ವೇದಿಕೆಯ ಹೆಸರಿನ ಮುಂದೆ ಎರಡು ಸಂಖ್ಯೆ ಬರೆಯಿರಿ: ಎಷ್ಟು ತಾಸು ಕೊಡುತ್ತೀರಿ, ಎಷ್ಟಕ್ಕಿಂತ ಕಡಿಮೆ ಬಂದರೆ ಬಿಡುತ್ತೀರಿ. ಕೆಳಗೆ ತಾರೀಖು ಹಾಕಿ, ಮನೆಯ ಇನ್ನೊಬ್ಬರಿಂದ ಸಹಿ ಮಾಡಿಸಿ, ಮೂರು ತಿಂಗಳವರೆಗೆ ಅದನ್ನು ತಿದ್ದಬೇಡಿ.